ಮದ್ವೆ ಮನೆ ಸೌಟು, ನಮ್ಮನೆ ಲೋಟ: ಕೇಸರಿಬಾತ್ ಅಳತೆ ಬಗ್ಗೆ ಒಂದಿಷ್ಟು

ಮದ್ವೆ ಮನೆ ಕೇಸರಿಬಾತ್ ಥರ ನಮ್ಮನೇಲಿ ಯಾಕೆ ಬರಲ್ಲ ಅಂತ ನನ್ನ ಕೇಳೋರು ತುಂಬಾ ಜನ. ನಮ್ಮ ಯಜಮಾನ್ರು ತೀರ್ಥಹಳ್ಳಿ ಕಡೆ ಮದ್ವೆ ಉಪನಯನಕ್ಕೆಲ್ಲ ಅಡುಗೆ ಮಾಡೋರು, ಅದಕ್ಕೆ ನಂಗೆ ಗೊತ್ತಿರುತ್ತೆ ಅಂತ. ಅವ್ರ ಹತ್ರ ತಕ್ಕಡಿ ಇಲ್ಲ, ಇರೋದು ಒಂದು ಹಿತ್ತಾಳೆ ಸೌಟು. ರವೆ ಏಳು ಸೌಟು, ಸಕ್ಕರೆ ಹತ್ತು, ತುಪ್ಪ ಐದು, ನೀರು ಇಪ್ಪತ್ತೊಂದು, ನೂರು ಎಲೆಗೆ ಇಷ್ಟೇ ಲೆಕ್ಕ. ಇನ್ನೂರು ಎಲೆ ಅಂದ್ರೆ ಡಬಲ್. ಎಲ್ಲದಕ್ಕೂ ಒಂದೇ ಸೌಟು ಆಗಿರೋದ್ರಿಂದ ಅದು ದೊಡ್ಡದೋ ಚಿಕ್ಕದೋ ಅನ್ನೋ ತಲೆಬಿಸಿ ಇಲ್ಲ, ಪ್ರಮಾಣ ತಪ್ಪಲ್ಲ.

ಹೋದ ಬೇಸಿಗೇಲಿ ನಾದಿನಿ ಮಗಳು ರಜಕ್ಕೆ ಬಂದಿದ್ಳು, ಮೈಸೂರಲ್ಲಿ ನ್ಯೂಟ್ರಿಷನ್ ಓದ್ತಿದಾಳೆ. ಬಂದವಳು ಬ್ಯಾಗಿಂದ ಅಂಗೈಯಷ್ಟಿರೋ ಡಿಜಿಟಲ್ ತಕ್ಕಡಿ ತೆಗೆದು, ಮಾವ ನಿಮ್ಮ ಸೌಟು ಕೊಡಿ ಅಂದ್ಳು. ಇವ್ರು ಕೊಟ್ರು, ಮುಖ ಸ್ವಲ್ಪ ಊದಿಸ್ಕೊಂಡೇ. ಮಟ್ಟಸವಾಗಿ ಸಕ್ಕರೆ ತುಂಬಿ ತೂಗಿದ್ರೆ 170 ಗ್ರಾಂ. ಈಗ ನೀವು ಹಾಕೋ ಥರ ಹಾಕಿ ಅಂದ್ಳು, ಇವ್ರು ಮೂಟೆಗೆ ಸೌಟು ಇಳಿಸಿ ಎತ್ತಿದ್ರು ನೋಡಿ, ಮೇಲೆ ಗೋಪುರ ನಿಂತಿತ್ತು, ತಕ್ಕಡಿ 225 ತೋರಿಸ್ತು. ಅಂದ್ರೆ ಹತ್ತು ಸೌಟಿಗೆ ಅರ್ಧ ಕೆಜಿ ಮೇಲೆ ಸಕ್ಕರೆ ಬರೀ ಗೋಪುರದಲ್ಲೇ ಹೋಗ್ತಿತ್ತು! ತುಪ್ಪದ್ದೂ ಹಾಗೇ. ಕರಗಿದ ತುಪ್ಪ ಸೌಟಿನ ಅಂಚು ದಾಟಲ್ಲ, 180 ಗ್ರಾಂ ಅಷ್ಟೇ, ಆದ್ರೆ ಚಳಿಗಾಲದಲ್ಲಿ ಗಟ್ಟಿಯಾಗಿರೋದನ್ನ ಕೆರೆದು ಎತ್ತಿದ್ರೆ ಮುದ್ದೆ ಮುದ್ದೆ ಬರುತ್ತೆ, ಸೌಟಿನ ಬೆನ್ನಿಗೂ ಅಂಟ್ಕೊಂಡಿರುತ್ತೆ. ಹಾಗಾಗಿ ಮೊದಲ್ನೇ ಮಾತು ಏನಂದ್ರೆ, ಮನೇಲಿ ಅಳೆಯೋ ಲೋಟವೋ ಸೌಟೋ ಯಾವ್ದೇ ಇರ್ಲಿ, ಸಕ್ಕರೆ ತುಂಬಿ ಮೇಲ್ಗಡೆ ಕೈಯಲ್ಲಿ ಸವರಿಬಿಡಿ, ತುಪ್ಪ ಬಿಸಿ ಮಾಡಿ ಕರಗಿಸಿ ಆಮೇಲೆ ಅಳೀರಿ.

ಸವರಿದ ಲೆಕ್ಕದಲ್ಲೇ ಹಿಡಿದ್ರೂ ನೂರು ಜನಕ್ಕೆ ರವೆ ಒಂದು ಕೆಜಿ, ಸಕ್ಕರೆ 1.7 ಕೆಜಿ, ತುಪ್ಪ 900 ಗ್ರಾಂ ಆಗುತ್ತೆ. ಹುಡುಗಿ ಕ್ಯಾಲೆಂಡರ್ ಹಿಂದುಗಡೆ ಗೀಚಿ ಲೆಕ್ಕ ಹಾಕಿದ್ಳು, ಒಂದು ಎಲೆಗೆ ಸಕ್ಕರೆ 17 ಗ್ರಾಂ ಅಂದ್ರೆ ನಾಲ್ಕು ಟೀ ಚಮಚ, ತುಪ್ಪ 9 ಗ್ರಾಂ ಅಂದ್ರೆ ಎರಡು ಚಮಚ, ಒಟ್ಟು ಹತ್ತತ್ರ 185 ಕ್ಯಾಲೊರಿ, ಅದ್ರಲ್ಲಿ ತುಪ್ಪದ್ದೇ 80. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ತಿನ್ನೋರು ಹೊರಗಿಂದ ಸೇರಿಸಿದ ಸಕ್ಕರೆ 50 ಗ್ರಾಂ ಒಳಗಿರ್ಬೇಕಂತೆ, 25ಕ್ಕೆ ಇಳಿಸಿದ್ರೆ ಇನ್ನೂ ಒಳ್ಳೇದಂತೆ. ಬೆಳಗ್ಗೆ ತಿಂಡಿಗೇ 17 ಹೋದ್ರೆ ಮಧ್ಯಾಹ್ನದ ಹೋಳಿಗೆ ಪಾಯಸ ಎಲ್ಲಿಗೆ ಸೇರಿಸ್ತೀರಿ ಮಾವ ಅಂದ್ಳು.

"ಪುಟ್ಟಿ, ಮದ್ವೆ ದಿನ ಯಾರೂ ಲೆಕ್ಕ ಇಟ್ಕೊಂಡು ಉಣ್ಣಲ್ಲ. ಸಕ್ಕರೆ ಕಮ್ಮಿ ಮಾಡಿ ನೀನೇ ಒಂದ್ಸಲ ಮಾಡು, ಒಂದು ಗಂಟೆ ಬಿಟ್ಟು ತಿಂದು ನೋಡು" ಅಂದ್ರು ಇವ್ರು.

ಮಾಡಿಯೇ ಬಿಟ್ಳು. ಒಂದು ಲೋಟ ರವೆಗೆ ಒಂದೇ ಲೋಟ ಸಕ್ಕರೆ, ಅರ್ಧ ಲೋಟಕ್ಕೂ ಕಮ್ಮಿ ತುಪ್ಪ. ಬಿಸಿ ಬಿಸಿ ತಿಂದಾಗ ಎಲ್ರೂ ಚೆನ್ನಾಗಿದೆ ಅಂದ್ವಿ, ಸಿಹಿ ಕಮ್ಮಿ ಅಂತ ಯಾರಿಗೂ ಅನಿಸ್ಲಿಲ್ಲ. ಒಂದು ಗಂಟೆ ಆದ್ಮೇಲೆ ನೋಡಿದ್ರೆ ಪಾತ್ರೆಯೊಳಗೆ ಗಟ್ಟಿಯಾಗಿ ಕೂತಿತ್ತು, ಸಟ್ಟುಗ ಹಾಕಿದ್ರೆ ಉಪ್ಪಿಟ್ಟಿನ ಥರ ತುಂಡು ತುಂಡು ಬರ್ತಿತ್ತು. ಕಾರಣ ಅವಳೇ ಹೇಳಿದ್ಳು, ಬೆಂದ ರವೆ ಒಳಗಿನ ಪಿಷ್ಟ ತಣ್ಣಗಾಗ್ತಾ ಆಗ್ತಾ ಬಿಗಿಯಾಗುತ್ತೆ, ಸಕ್ಕರೆ ಜಾಸ್ತಿ ಇದ್ರೆ ಅದು ಅಷ್ಟು ಬೇಗ ಬಿಗಿಯಾಗೋಕೆ ಬಿಡಲ್ಲ, ತುಪ್ಪ ಕಾಳು ಕಾಳಿಗೂ ಸವರ್ಕೊಂಡು ಒಂದಕ್ಕೊಂದು ಅಂಟದಂಗೆ ನೋಡ್ಕೊಳ್ಳುತ್ತೆ. ಮದ್ವೇಲಿ ಬೆಳಗ್ಗೆ ಆರಕ್ಕೆ ಇಳಿಸಿದ್ದನ್ನ ಒಂಬತ್ತೂವರೆ ಪಂಕ್ತಿಗೂ ಮೆತ್ತಗೇ ಬಡಿಸ್ಬೇಕು. ಆ ಹತ್ತು ಸೌಟು ಸಕ್ಕರೆ ಬರೀ ಸಿಹಿಗಲ್ಲ, ಆ ಮೂರೂವರೆ ಗಂಟೆಗೆ. ಇದು ಇವ್ರಿಗೆ ಕೈಗೆ ಗೊತ್ತಿತ್ತು, ಬಾಯಿಗೆ ಬರ್ತಿರ್ಲಿಲ್ಲ.

ನಮ್ಮನೇಲಿ ಪಂಕ್ತಿ ಇಲ್ವಲ್ಲ, ಮಾಡಿದ ಹತ್ತು ನಿಮಿಷಕ್ಕೆ ತಟ್ಟೆಗೆ ಬರುತ್ತೆ, ಹಾಗಾಗಿ ಮನೆಗೆ ಆ ಅಳತೆ ಬೇಕಾಗೇ ಇಲ್ಲ. ನಾನೀಗ ಮಾಡೋದು ಹೀಗೆ. ಚಿರೋಟಿ ರವೆ ಒಂದು ಲೋಟ, ಸಕ್ಕರೆ ಸವರಿ ಒಂದು ಲೋಟ, ಕರಗಿದ ತುಪ್ಪ ಅರ್ಧ ಲೋಟ, ನೀರು ಮೂರು ಲೋಟದ ಮೇಲೆ ಇನ್ನೊಂದು ಕಾಲು ಲೋಟ, ಸಕ್ಕರೆ ಕಮ್ಮಿಯಾಗಿದ್ದಕ್ಕೆ ಆ ಕಾಲು ಲೋಟ. ತುಪ್ಪದಲ್ಲಿ ಅರ್ಧ ಭಾಗ ಮಾತ್ರ ರವೆ ಹುರಿಯೋಕೆ, ಸಣ್ಣ ಉರೀಲಿ, ಘಮ್ ಅಂದು ಕಾಳು ಹಗುರಾಗೋ ತನಕ, ಬಣ್ಣ ಬದಲಾಗೋ ತನಕ ಅಲ್ಲ. ಪಕ್ಕದ ಒಲೇಲಿ ನೀರು ಕೊತಕೊತ ಕುದೀತಿರ್ಬೇಕು, ಬರೀ ಬೆಚ್ಚಗಿರೋ ನೀರು ಹಾಕಿದ್ರೆ ಗಂಟು ಗ್ಯಾರಂಟಿ. ನೀರು ಹಾಕಿ ಕೇಸರಿ ಎಸಳು ಬಿಟ್ಟು ಮುಚ್ಚಿ ಬೇಯಿಸಿ. ಬೆರಳಲ್ಲಿ ಒಂದು ಕಾಳು ತಗೊಂಡು ಹಿಚುಕಿ ನೋಡಿ, ನಡುವೆ ಬಿಳೀ ಚುಕ್ಕೆ ಸಿಕ್ರೆ ಇನ್ನೂ ಬೆಂದಿಲ್ಲ. ಪೂರ್ತಿ ಬೆಂದ ಮೇಲೇನೇ ಸಕ್ಕರೆ, ಅವಸರ ಪಟ್ಟು ಮೊದ್ಲೇ ಹಾಕಿದ್ರೆ ಸಕ್ಕರೆ ನೀರನ್ನ ತನ್ನ ಕಡೆ ಎಳ್ಕೊಂಡ್ಬಿಡುತ್ತೆ, ರವೆ ಆಮೇಲೆ ಎಷ್ಟು ಹೊತ್ತು ಇಟ್ರೂ ಕಚಕಚ ಅನ್ನುತ್ತೆ. ಸಕ್ಕರೆ ಬಿದ್ದ ತಕ್ಷಣ ಎಲ್ಲ ನೀರಾಗುತ್ತೆ, ಹೆದ್ರಬೇಡಿ, ಕೈಯಾಡಿಸ್ತಾ ಇದ್ರೆ ಮತ್ತೆ ಗಟ್ಟಿ ಬರುತ್ತೆ. ತಳ ಬಿಡೋ ಹೊತ್ತಿಗೆ ಉಳಿದ ತುಪ್ಪ ಹಾಕಿ ಉರಿ ಆಫ್ ಮಾಡಿ. ಘಮ ಬರೋದು, ಹೊಳಪು ಬರೋದು ಈ ಕೊನೇ ತುಪ್ಪದಿಂದ. ಮಧ್ಯ ಮಧ್ಯ ಇವ್ರು ಹಾಕ್ತಿದ್ದ ಸೌಟು ನಾಲಿಗೆಗೆ ಸಿಗೋದೇ ಇಲ್ಲ, ಅದನ್ನೇ ನಾನು ಬಿಟ್ಟಿರೋದು. ಅಂಚಲ್ಲಿ ತುಪ್ಪ ಒಸರಿ ನಿಂತಿದೆ ಅಂದ್ರೆ ರವೆಗೆ ಸಾಕಾಗಿದೆ ಅಂತ ಅರ್ಥ, ಅದನ್ನ ನೋಡಿ ಖುಷಿಪಡೋರೇ ಜಾಸ್ತಿ ಬಿಡಿ.

ಸಕ್ಕರೆ ಬದ್ಲು ಬೆಲ್ಲ ಹಾಕಿದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ ಅಂತ ಕೇಳಿದ್ದಕ್ಕೆ ಹುಡುಗಿ ನಕ್ಕುಬಿಟ್ಳು. ಅತ್ತೆ, ರುಚಿ ಬೇಕಿದ್ರೆ ಹಾಕಿ, ಕ್ಯಾಲೊರಿಗೆ ಹೆಚ್ಚುಕಮ್ಮಿ ಎರಡೂ ಒಂದೇ ಅಂದ್ಳು. ಶುಗರ್ ಇರೋರಿಗೆ ಸಕ್ಕರೆ ಕಮ್ಮಿ ಮಾಡಿದ್ದೀನಿ ಅಂತ ಎರಡು ಸಲ ಬಡಿಸೋದೂ ಬೇಡ, ರವೆನೂ ಕೊನೆಗೆ ರಕ್ತದಲ್ಲಿ ಸಕ್ಕರೆಯೇ ಆಗೋದು. ಇನ್ನೊಂದು, ಈ ಕಮ್ಮಿ ಮಾಡೋ ಲೆಕ್ಕ ಮೈಸೂರ್ ಪಾಕಿಗೆ ತಗೊಂಡು ಹೋಗ್ಬೇಡಿ. ಅಲ್ಲಿ ಪಾಕ, ತುಪ್ಪ ಎರಡೂ ಸೇರಿನೇ ಅದು ನಿಲ್ಲೋದು, ಕಮ್ಮಿ ಮಾಡಿದ್ರೆ ಒಂದೋ ಕಲ್ಲು, ಇಲ್ಲಾ ಪುಡಿ. ಅದನ್ನ ಸರಿಯಾದ ಅಳತೇಲೇ ಮಾಡಿ, ಕತ್ತರಿಸೋವಾಗ ತುಂಡು ಅರ್ಧ ಮಾಡಿ.

ಇವ್ರು ಹತ್ತು ಸೌಟು ಬಿಟ್ಟಿಲ್ಲ, ಬಿಡೋದೂ ಇಲ್ಲ, ಈಗ ಸವರಿ ಹಾಕ್ತಾರೆ ಅಷ್ಟೇ. ಹುಡುಗಿ ಬಡಿಸೋ ಹುಡುಗ್ರ ಕೈಗೆ ಚಿಕ್ಕ ಸೌಟು ಕೊಡಿಸಿದಾಳೆ, ಬೇಕಾದೋರು ಇನ್ನೊಂದ್ಸಲ ಹಾಕಿಸ್ಕೊಳ್ಳಿ ಅಂತ. ಹೋದ ಮದ್ವೇಲಿ ಅರ್ಧಕ್ಕರ್ಧ ಜನ ಎರಡನೇ ಸಲ ಎಲೆ ಮೇಲೆ ಕೈ ಅಡ್ಡ ಇಟ್ರಂತೆ, ಕೊನೇ ಪಂಕ್ತಿ ಆದ್ಮೇಲೂ ಒಂದು ಡಬ್ಬಿ ಉಳಿದು ನಮ್ಮನೆಗೆ ಬಂತು, ಮಾರನೇ ದಿನ ಒಂದು ಚೂರು ಬಿಸಿನೀರು ಚಿಮುಕಿಸಿ ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮೆತ್ತಗೇ ಇತ್ತು.