ಬೆಕ್ಕಿನ ಬಾಲ ಯಾಕ ಕೂಡಲಿಲ್ಲ: ಲಗ್ನಪತ್ರಿಕಿ ರಟ್ಟಿನ ಟ್ಯಾನ್‌ಗ್ರಾಮ್, ನನ್ನ ಅನುಭವ

ನಮ್ಮೂರು ಗಂಗಾವತಿ ಹತ್ರ, ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಭತ್ತ ಬೆಳೆಯೋ ಸೀಮಿ. ನಾನು ಇಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೋತೀನಿ. ಬ್ಯಾಸಿಗಿ ರಜಾದಾಗ ಹುಡುಗ್ರು ದಿನಾ ಬರ್ತಾರ, ಮೂರನೇತ್ತಾದಿಂದ ಏಳನೇತ್ತಾದವರ ತನಕ ಒಂದು ಹದಿನಾಲ್ಕು ಮಂದಿ, ಅವರ ಜೋಡಿ ಎರಡು ವಾರ ಟ್ಯಾನ್‌ಗ್ರಾಮ್ ಆಡಿಸಿದೆ. ಅದರಾಗ ಒಂದು ಕಡೆ ನಾನು ಪೂರಾ ಸಿಕ್ಕೊಂಡೆ, ಆ ಸಿಕ್ಕಿನ ಬಗ್ಗೆನೇ ಜಾಸ್ತಿ ಬರೀತೀನಿ, ಯಾಕಂದ್ರ ಪೇಪರ್‌ನಿಂದ ಮಾಡೋ ಎಲ್ಲಾರಿಗೂ ಅದು ಬಂದೇ ಬರ್ತದ.

ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರ, ಒಂದು ಚೌಕ ಕಾಗದ ಏಳು ತುಂಡು ಮಾಡೋದು. ಎರಡು ದೊಡ್ಡ ತ್ರಿಕೋನ, ಒಂದು ನಡುವಿನ ತ್ರಿಕೋನ, ಎರಡು ಸಣ್ಣವು, ಒಂದು ಚೌಕ, ಇನ್ನೊಂದು ಸಮಾಂತರ ಚತುರ್ಭುಜ. ಆ ಕೊನೇದಕ್ಕ ನಮ್ಮ ಹುಡುಗ್ರು ಮೊದಲನೇ ದಿನನೇ "ಸೊಟ್ಟ ತುಂಡು" ಅಂತ ಹೆಸರಿಟ್ರು, ನಾನೂ ಹಂಗ ಕರೀತೀನಿ. ಏಳೂ ತುಂಡು ಬಳಸ್ಬೇಕು, ಒಂದರ ಮ್ಯಾಲ ಒಂದು ಏರಬಾರ್ದು, ಇಷ್ಟೇ ನಿಯಮ.

ಮೊದಲು ನೋಟ್‌ಬುಕ್ ಹಾಳಿ ಹರಿದು 10 ಸೆಂಟಿಮೀಟರ್ ಚೌಕದಾಗ ಮಾಡಿಸಿದೆ, ಅದು ತಪ್ಪಾತು. ಸಣ್ಣ ತ್ರಿಕೋನ ಬೆರಳಿಗೆ ಸಿಗೋದಿಲ್ಲ, ಮತ್ತ ಮ್ಯಾಲ ಫ್ಯಾನ್ ತಿರುಗಿದ್ರ ಎಲ್ಲಾ ಹಾರಿ ಹೋಗ್ತಾವು, ಫ್ಯಾನ್ ಆರಿಸಿದ್ರ ಮೇ ತಿಂಗಳ ಧಗಿಗೆ ಹುಡುಗ್ರು ಕುಂದ್ರೋದಿಲ್ಲ. ಅದಕ್ಕ ಮನಿ ಮನಿಯಿಂದ ಹಳೇ ಲಗ್ನಪತ್ರಿಕಿ ತರ್ರಿ ಅಂದೆ. ರಟ್ಟು ದಪ್ಪ ಇರ್ತದ, ಒಂದು ಕಡೆ ಕೆಂಪು ಇಲ್ಲಾ ಹಳದಿ ಬಣ್ಣ, ಹಿಂದ ಬರೇ ಬಿಳಿ. ಅದರಾಗ 16 ಸೆಂಟಿಮೀಟರ್ ಚೌಕ ಕತ್ತರಿಸಿದ್ವಿ. ಆಟದ ಹೊತ್ತು ಬೆಳಿಗ್ಗೆ ಏಳೂವರಿಗೆ ಇಟ್ಟೆ, ಆಗ ಫ್ಯಾನ್ ಇಲ್ದೇ ನಡೀತದ.

ಸ್ಕೇಲ್ ಹಿಡದು ಗೆರಿ ಹಾಕೋದು ಬ್ಯಾಡ, ಮಡಚಿ ಮಡಚಿ ಕತ್ತರಿಸೋದೇ ಚಲೋ. ಚೌಕನ ಮೂಲಿಯಿಂದ ಮೂಲಿಗೆ ಮಡಚಿ ಕತ್ತರಿಸಿದ್ರ ಎರಡು ಅರ್ಧ. ಒಂದು ಅರ್ಧಾನ ಮತ್ತ ನಡುವಿಗೆ ಮಡಚಿ ಕತ್ತರಿಸ್ರಿ, ಎರಡು ದೊಡ್ಡ ತ್ರಿಕೋನ ಬಂದ್ವು. ಇನ್ನೊಂದು ಅರ್ಧದಾಗ ಉದ್ದನ ಅಂಚು ಕೆಳಗ ಇಟ್ಕೊಂಡು, ಮ್ಯಾಲಿನ ಮೂಲಿ ತಂದು ಆ ಉದ್ದ ಅಂಚಿನ ನಟ್ಟನಡುವಿಗೆ ಮುಟ್ಟಿಸಿ ಮಡಚ್ರಿ, ಮಡಿಕಿ ಮ್ಯಾಲ ಕತ್ತರಿಸಿದ್ರ ನಡುವಿನ ತ್ರಿಕೋನ ಸಿಗ್ತದ. ಉಳಿದಿದ್ದು ದೋಣಿ ಬೋರಲು ಹಾಕಿದಂಗ ಕಾಣ್ತದ. ಆ ದೋಣಿನ ನಡುವಿಗೆ ಕತ್ತರಿಸಿ ಎರಡು ಮಾಡ್ರಿ. ಒಂದರಾಗ ಚೂಪು ಮೂಲಿ ತಂದು ಕೆಳಗಿನ ಉದ್ದ ಅಂಚಿನ ಆ ಕಡೆ ಮೂಲಿಗೆ ಮುಟ್ಟಿಸಿ ಮಡಚಿ ಕತ್ತರಿಸಿದ್ರ ಒಂದು ಚೌಕ, ಒಂದು ಸಣ್ಣ ತ್ರಿಕೋನ. ಇನ್ನೊಂದರಾಗ ಚೂಪು ಮೂಲಿ ಮುಟ್ಟಬ್ಯಾಡ್ರಿ, ಅದೇ ಉದ್ದ ಅಂಚಿನ ಆ ಕಡೆ ನೆಟ್ಟನ ಮೂಲಿ ಎತ್ತಿ, ಮ್ಯಾಲ ಅಗಲಾಗಿ ಬಿಚ್ಚಿರೋ ಮೂಲಿಗೆ ಮುಟ್ಟಿಸ್ರಿ, ಅಲ್ಲಿ ಕತ್ತರಿಸಿದ್ರ ಸೊಟ್ಟ ತುಂಡು, ಮತ್ತ ಇನ್ನೊಂದು ಸಣ್ಣ ತ್ರಿಕೋನ. ರಟ್ಟು ದಪ್ಪ ಇರೋದಕ್ಕ ಮಡಿಕಿ ಉಗುರಿನಿಂದ ಎರಡು ಸಲ ತೀಡ್ಬೇಕು, ಇಲ್ಲಾಂದ್ರ ಕತ್ರಿ ಜಾರ್ತದ.

ಸರಿ ಬಂದೈತೋ ಇಲ್ಲೋ ನೋಡಾಕ ಅಳತಿ ಬ್ಯಾಡ. ಎರಡು ಸಣ್ಣ ತ್ರಿಕೋನ ಜೋಡಿಸಿ ಚೌಕದ ಮ್ಯಾಲ ಇಡ್ರಿ, ಆಮ್ಯಾಲ ನಡುವಿನ ತ್ರಿಕೋನದ ಮ್ಯಾಲ, ಆಮ್ಯಾಲ ಸೊಟ್ಟದರ ಮ್ಯಾಲ. ಮೂರನ್ನೂ ಪೂರಾ ಮುಚ್ಬೇಕು. ಅಂಚಿನ್ಯಾಗ ಒಂದು ಕೂದಲೆಳಿ ಬಣ್ಣ ಕಂಡ್ರ ನಡೀತದ, ಕಡ್ಡಿಪೆಟ್ಗಿ ಕಡ್ಡಿ ಅಗಲ ಕಂಡ್ರ ಹೊಸಾದು ಕತ್ತರಿಸ್ಬೇಕು. ಏಳು ತುಂಡು ಸೇರಿದಾಗ ಅಷ್ಟು ತಪ್ಪೂ ಕೂಡಿ ದೊಡ್ಡದಾಗ್ತದ.

ಮೊದಲನೇ ದಿನದ ಸವಾಲು ಏಳೂ ತುಂಡು ಕಲಸಿ ಮತ್ತ ಚೌಕ ಮಾಡೋದು. ಹದಿನಾಲ್ಕೂ ಮಂದಿ ಮಾಡಿದ್ರು, ಕೆಲವರಿಗೆ ಹತ್ತು ನಿಮಿಷ, ಕೆಲವರಿಗೆ ಎರಡು ದಿನ, ಆದ್ರ ಎಲ್ಲಾರ್ದೂ ಕೂಡ್ತು. ಮೂರನೇ ದಿನ ಬೆಕ್ಕು ಕೊಟ್ಟೆ. ನನ್ನ ತುಂಡು ಇಟ್ಟು ಬೆಕ್ಕು ಮಾಡಿ, ಅದರ ಸುತ್ತ ಪೆನ್ಸಿಲ್ ಎಳದು ಹೊರಗಿನ ಗೆರಿ ಮಾತ್ರ ಇರೋ ಚಿತ್ರ ಮಾಡಿ ಜೆರಾಕ್ಸ್ ತೆಗಿಸಿದ್ದೆ. ಚೌಕ ತಲಿ, ಎರಡು ಸಣ್ಣ ತ್ರಿಕೋನ ಕಿವಿ, ನಡುವಿಂದು ಎದಿ, ದೊಡ್ಡವು ಎರಡೂ ಮೈ, ಸೊಟ್ಟದ್ದು ಬಾಲ. ಎಲ್ಲಾರಿಗೂ ಗೊತ್ತಾಗೋವಂಥಾ ಬೆಕ್ಕು.

ಎಂಟು ಮಂದಿಗೆ ಬಂತು, ಆರು ಮಂದಿಗೆ ಬರಲಿಲ್ಲ. ಬರದಿದ್ದವರು ದಡ್ಡ ಹುಡುಗ್ರಲ್ಲ, ಅದರಾಗ ಒಬ್ಬಾಕಿ ಐದನೇತ್ತಾದಾಕಿ, ಚೌಕ ಎಲ್ಲಾರಿಗಿಂತ ಮೊದಲು ಮಾಡಿದ್ಳು. ತಲಿ, ಕಿವಿ, ಎದಿ, ಮೈ ಎಲ್ಲಾ ಸರಿ ಕುಂತಿತ್ತು, ಬಾಲ ಒಂದೇ ಕೂಡವಲ್ದು. ಹಿಂಗ ಇಟ್ರ ಮೂಲಿ ಹೊರಗ, ಹಂಗ ಇಟ್ರ ನಡುವ ಸಂದಿ. ಕತ್ತರಿಸೋದ್ರಾಗ ತಪ್ಪೈತಿ ಅಂದ್ಕೊಂಡು ನಾನು ಆರೂ ಮಂದಿದು ಸಣ್ಣ ತ್ರಿಕೋನ ಇಟ್ಟು ನೋಡಿದೆ, ಎಲ್ಲಾ ಸರಿ ಇದ್ವು. ಅರ್ಧ ತಾಸು ಒದ್ದಾಡಿದ ಮ್ಯಾಲ ಆಕಿ ಸೊಟ್ಟ ತುಂಡು ತಗೊಂಡು ಬಾಜೂದಾಕಿ ಸೊಟ್ಟ ತುಂಡಿನ ಮ್ಯಾಲ ಇಟ್ಟೆ. ಎರಡೂ ಬಣ್ಣದ ಕಡೆ ಮ್ಯಾಲ. ಹೆಂಗ ತಿರುಗಿಸಿದ್ರೂ ಒಂದರ ಮ್ಯಾಲ ಒಂದು ಕುಂದ್ರಲಿಲ್ಲ. ಆ ಹುಡುಗಿ ಬಾಗ್ಲಕಡೆ ನೋಡಿ, "ಅಕ್ಕೋರ, ಚಪ್ಪಲಿ ಇದ್ದಂಗ ಅದಾವ್ರಿ, ಇದು ಎಡಗಾಲಿಂದು, ಅದು ಬಲಗಾಲಿಂದು" ಅಂದ್ಳು.

ಅದೇ ಆಗಿತ್ತು. ದೋಣಿ ನಡುವಿಗೆ ಕತ್ತರಿಸಿದಾಗ ಎರಡು ಅರ್ಧ ಬರ್ತಾವಲ್ಲ, ಅದರಾಗ ಕೆಲವರು ಎಡಗಡೇದ್ರಾಗ ಸೊಟ್ಟದ್ದು ಕತ್ತರಿಸಿದ್ರು, ಕೆಲವರು ಬಲಗಡೇದ್ರಾಗ. ಯಾವ್ದು ಅಂತ ನಾನು ಹೇಳಿರ್ಲಿಲ್ಲ, ನನಗೂ ಅದು ಮುಖ್ಯ ಅಂತ ಗೊತ್ತಿರ್ಲಿಲ್ಲ. ಎಡದ್ದು ಒಂದು ಕಡೆ ವಾಲ್ತದ, ಬಲದ್ದು ಇನ್ನೊಂದು ಕಡೆ. ಉಳಿದ ಆರೂ ತುಂಡಿಗೆ ಈ ತ್ರಾಸಿಲ್ಲ, ತ್ರಿಕೋನ, ಚೌಕ ಹೊಳ್ಳಿ ಹಾಕಿದ್ರೂ ಅದೇ ಆಕಾರ, ಸ್ವಲ್ಪ ತಿರುಗಿಸಿದ್ರ ಮೊದಲಿನಂಗ ಕುಂದರ್ತಾವು. ಸೊಟ್ಟದ್ದು ಒಂದೇ ಹೊಳ್ಳಿ ಹಾಕಿದಾಗ ಬ್ಯಾರೇನೇ ಆಗ್ತದ. ಅಂದ್ರ ಬೀಸುಕಲ್ಲು ತಿರುಗಿಸಿದಂಗ ಎಷ್ಟು ತಿರುಗಿಸಿದ್ರೂ ಬರೋದಿಲ್ಲ, ಹಂಚಿನ ಮ್ಯಾಲ ರೊಟ್ಟಿ ಹೊಳ್ಳಿ ಹಾಕಿದಂಗ ಹಾಕ್ಬೇಕು.

ಹಂಗಾದ್ರ ಚೌಕ ಯಾಕ ಎಲ್ಲಾರಿಗೂ ಬಂತು? ಇದು ನನಗ ರಾತ್ರಿ ಮಲಗಿದಾಗ ಹೊಳೀತು. ಚೌಕ ಎಡಬಲ ಎರಡೂ ಒಂದೇ. ಎಡವಾಲಿನ ಸೊಟ್ಟ ತುಂಡು ಇರೋ ಹುಡುಗ ಇಡೀ ಜೋಡಣಿನೇ ಕನ್ನಡಿಯೊಳಗ ಕಂಡಂಗ ಉಲ್ಟಾ ಮಾಡಿರ್ತಾನ, ಹೊರಗಿನ ಆಕಾರ ಮಾತ್ರ ಅದೇ ಚೌಕ, ಯಾರಿಗೂ ಫರಕು ಕಾಣೋದಿಲ್ಲ. ಬೆಕ್ಕು ಹಂಗಲ್ಲ, ಅದಕ್ಕ ಮುಖ ಒಂದು ಕಡೆ ಬಾಲ ಇನ್ನೊಂದು ಕಡೆ. ಮರುದಿನ ಆ ಆರೂ ಮಂದಿಗೆ ಗೆರಿ ಹಾಳಿ ಬಿಟ್ಟು ಬರೇ ನೆಲದ ಮ್ಯಾಲ ಉಲ್ಟಾ ಕಡೆ ಮುಖ ಮಾಡಿರೋ ಬೆಕ್ಕು ಮಾಡ್ರಿ ಅಂದೆ, ಎಲ್ಲಾರ್ದೂ ಬಂತು, ಬಾಲ ಸಹಿತ.

ಇನ್ನೊಂದು ಮಾತು ಹೇಳ್ಬೇಕು. ಹುಡುಗ್ರಿಗೆ ಹೊಳ್ಳಿ ಹಾಕೋದು ಹೊಳೆದಿರ್ಲಿಲ್ಲ ಅಂತಲ್ಲ. ಒಬ್ಬ ಹುಡುಗ ಹೊಳ್ಳಿ ಹಾಕಿ ನೋಡಿದ್ದ, ಸರಿ ಕುಂತಿತ್ತು, ಆದ್ರ ಬಿಳಿ ಕಡೆ ಮ್ಯಾಲ ಬಂತು ಅಂತ ತಪ್ಪು ಅಂದ್ಕೊಂಡು ತೆಗೆದುಬಿಟ್ಟಿದ್ದ. ಇಡೀ ಬೆಕ್ಕು ಕೆಂಪು, ಬಾಲ ಬಿಳಿ, ಮೋಸ ಮಾಡಿದಂಗಾಗ್ತದಲ್ರಿ ಅಂದ. ರಟ್ಟಿನ ಬಣ್ಣನೇ ಅವನಿಗೆ ಇಲ್ಲದ ನಿಯಮ ಕಲಿಸಿತ್ತು. ನಿಮಗ ಈ ತ್ರಾಸು ಬ್ಯಾಡ ಅಂದ್ರ ಎರಡೂ ಕಡೆ ಒಂದೇ ಬಣ್ಣದ ರಟ್ಟು ತಗೋರಿ. ನಾನು ಮಾತ್ರ ಲಗ್ನಪತ್ರಿಕಿನೇ ಇಟ್ಕೊಂಡೆ, ಯಾಕಂದ್ರ ಹೊಳ್ಳಿ ಹಾಕಿದ್ದು ಕಣ್ಣಿಗೆ ಕಾಣ್ತದ, ಮತ್ತ ಕತಿ ಹೇಳಾಕ ಅದು ಭಾಳ ಉಪಯೋಗಾತು. ತುಂಡು ಕಲಸಿ ಹೋಗಬಾರ್ದು ಅಂತ ಹಾಜರಿ ನಂಬರ್ ಮಾತ್ರ ಎರಡೂ ಕಡೆ ಬರಿಸಿದೆ.

ಕತಿ ವಿಷಯಕ್ಕ ಬರ್ತೀನಿ. ಟ್ಯಾನ್‌ಗ್ರಾಮ್ ಹುಟ್ಟಿದ್ದಕ್ಕೇ ಒಂದು ಕತಿ ಐತಿ, ನಾಲ್ಕು ಸಾವಿರ ವರ್ಷದ ಹಿಂದಿನ ಚೀನಾದ ಆಟ ಅಂತ, ಅದನ್ನ 1903ರಾಗ ಸ್ಯಾಮ್ ಲಾಯ್ಡ್ ಅನ್ನೋ ಅಮೆರಿಕದ ಒಗಟು ತಜ್ಞ ತಾನೇ ಕಟ್ಟಿ ಬರೆದಿದ್ದ. ಆಟ ಚೀನಾದ್ದು ಅನ್ನೋದು ಖರೆ, ಆದ್ರ ಅಷ್ಟು ಹಳೇದಲ್ಲ, ಸಿಕ್ಕಿರೋ ಹಳೇ ಪುಸ್ತಕ 1813ರದ್ದು. ಇದು ಹೇಳಿದಾಗ ಹುಡುಗ್ರಿಗೆ ಖುಷಿಯಾತು, ದೊಡ್ಡವರೂ ಕತಿ ಕಟ್ಟತಾರ ಅಂತ.

ಮೊದಲು ಬೆಕ್ಕು ಮಾಡಿ ಕತಿ ಹೇಳ್ರಿ ಅಂದಾಗ ಎಲ್ಲಾರೂ "ಒಂದೂರಾಗ ಒಂದು ಬೆಕ್ಕಿತ್ತು, ಅದು ಹಾಲು ಕುಡೀತು" ಅಂತ ಹೇಳಿ ಮುಗಿಸಿದ್ರು. ತುಂಡಿಗೂ ಕತಿಗೂ ಸಂಬಂಧನೇ ಇಲ್ಲ. ಆಮ್ಯಾಲ ಒಂದು ನಿಯಮ ಹಾಕಿದೆ, ಕತಿ ಮುಂದ ಹೋಗ್ಬೇಕಂದ್ರ ಚಿತ್ರದಾಗ ಜಾಸ್ತಿ ಅಂದ್ರ ಎರಡು ತುಂಡು ಜರುಗಿಸ್ಬೇಕು, ಜರುಗಿಸಿದ್ದು ಯಾಕ ಅಂತ ಕತಿಯೊಳಗ ಇರ್ಬೇಕು. ಪೂರಾ ಕೆಡಿಸಿ ಹೊಸಾ ಪ್ರಾಣಿ ಮಾಡೋಹಂಗಿಲ್ಲ. ಮೂರು ಚಿತ್ರಕ್ಕ ಒಂದು ಕತಿ. ಗೋಂದು ಹಚ್ಚಬ್ಯಾಡ್ರಿ, ಹಚ್ಚಿದ್ರ ಮೊದಲನೇ ಚಿತ್ರಕ್ಕೇ ತುಂಡು ಮುಗೀತಾವು, ಸುತ್ತ ಪೆನ್ಸಿಲ್ ಎಳಕೊಂಡ್ರ ಸಾಕು. ಮೂರನೇತ್ತಾ ಹುಡುಗ್ರಿಗೆ ಏಳು ತುಂಡು ಭಾರ ಆಗ್ತದ, ಅವರಿಗೆ ದೊಡ್ಡವು ಎರಡು, ಚೌಕ, ಸಣ್ಣವು ಎರಡು, ಇಷ್ಟೇ ಕೊಟ್ಟೆ.

ಬಿಳಿ ಬಾಲ ತಪ್ಪು ಅಂದಿದ್ನಲ್ಲ, ಆ ಹುಡುಗನ ಕತಿ ಕೇಳ್ರಿ. ಮೊದಲನೇ ಚಿತ್ರ ಕೆಂಪು ಬೆಕ್ಕು. ಎರಡನೇದ್ರಾಗ ಎರಡೂ ಕಿವಿ ತೆಗೆದು ಕಾಲ್ಹತ್ರ ಇಟ್ಟ. ಬೆಕ್ಕು ಕಾಲುವಿಗೆ ಹೋಗಿ ಕಿವಿ ಕೊಟ್ಟು ಎರಡು ಮೀನು ತಗೊಂಡೈತಿ ಅಂದ. ಮೂರನೇದ್ರಾಗ ಬಾಲ ಒಂದೇ ಮುಟ್ಟಿದ, ಹೊಳ್ಳಿ ಹಾಕಿ ಬಿಳಿ ಮಾಡಿದ, ಅದು ಈಗ ಕೆಳಗ ವಾಲಿತ್ತು. ಯಾಕಪಾ ಅಂದೆ. "ಕಿವಿ ಇಲ್ಲಲ್ರಿ ಅಕ್ಕೋರ, ನಾಯಿ ಬಂದಿದ್ದು ಕೇಳಿಸ್ಲಿಲ್ಲ, ಓಡಿ ಅಕ್ಕಿ ಗಿರಣಿಯೊಳಗ ಹೊಕ್ತು, ಬಾಲಕ್ಕೆಲ್ಲಾ ಹಿಟ್ಟು ಮೆತ್ತಿಕೊಂತು" ಅಂದ.

ಚಪ್ಪಲಿ ಅಂದಾಕಿ ಬಿಡಲಿಲ್ಲ, ಹಂಗಾದ್ರ ಕಿವಿ ತಿರುಗಿ ಕೊಡು, ಎರಡು ತುಂಡು ಜರುಗಿಸಬೌದಲ್ಲ ಅಂದ್ಳು. ಅವ ಆ ಸಣ್ಣ ತ್ರಿಕೋನದ ಮ್ಯಾಲ ಕೈ ಇಟ್ಟು, "ಮೀನು ಅದರ ಹೊಟ್ಯಾಗ ಹೋಗ್ಯಾವು, ಕಿವಿ ಕಾಲುವಿಯೊಳಗ ಹೋಗ್ಯಾವು, ಎಲ್ಲಿಂದ ತರ್ಲಿ?" ಅಂದ. ಹತ್ತು ಗಂಟಿಗೆ ಬಾಗ್ಲ ಹಾಕೋತನಕ ಇಬ್ರೂ ಅದೇ ವಾದ ಮಾಡ್ಕೋತ ಕುಂತಿದ್ರು, ಬೆಕ್ಕು ನೆಲದ ಮ್ಯಾಲ ಕಿವಿ ಇಲ್ದೇ ಹಂಗೇ ಇತ್ತು.