ಮಿಲ್ಲಿನ ಜಾಗ, ಕಟ್ಟಡದ ಬೆಲೆ ಏರಿಸಿದ ಮೇಲೆ ಆ ಹೆಚ್ಚುವರಿ ಎಲ್ಲಿಗೆ ಹೋಗಬೇಕು?

ಮಂಡ್ಯ ಕಡೆಯ ಅಕ್ಕಿ ಗಿರಣಿಗಳ ಲೆಕ್ಕ ನೋಡುವವರಿಗೆ ಈ ಕೆಲಸ ಆಗಾಗ ಬರುತ್ತದೆ. ಜಾಗ ಹಳೆಯ ಬೆಲೆಯಲ್ಲೇ ಪುಸ್ತಕದಲ್ಲಿ ಕೂತಿರುತ್ತದೆ. ಬ್ಯಾಂಕಿನ ಸಾಲ ಏರಿಸುವ ಮಾತು ಬಂದಾಗ ಮಾಲೀಕರು ಈಗಿನ ಬೆಲೆ ತೋರಿಸಿ ಎನ್ನುತ್ತಾರೆ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇದನ್ನು ಹೇಗೆ ಮಾಡಿದೆ ಎಂಬುದನ್ನು ಅಂಕಿಗಳ ಸಮೇತ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಇದು ಸಣ್ಣ ಕಂಪನಿ, ಹಾಗಾಗಿ ಇದಕ್ಕೆ ಅನ್ವಯಿಸುವುದು ಪರಿಷ್ಕೃತ ಎಎಸ್ 10.

ಮೊದಲು ಕೈಗೆತ್ತಿಕೊಳ್ಳುವುದು ದಾಖಲೆ. ಜಾಗ ಕಂಪನಿಯ ಹೆಸರಿಗೆ ಕ್ರಯವಾಗಿದೆಯೇ, ಕನ್ವರ್ಷನ್ ಆದೇಶ ಇದೆಯೇ ಎಂದು ನೋಡದೆ ವ್ಯಾಲ್ಯೂಯರ್‌ಗೆ ಕೊಡಬಾರದು. ಕೈಗಾರಿಕಾ ಪ್ರದೇಶದ ನಿವೇಶನಗಳು ಎಷ್ಟೋ ಸಲ ಇನ್ನೂ ಲೀಸ್ ಕಮ್ ಸೇಲ್ ಹಂತದಲ್ಲೇ ಇರುತ್ತವೆ. ಅದನ್ನು ಸ್ವಂತ ಜಾಗದ ಬೆಲೆಗೆ ಏರಿಸಿದರೆ ಇಡೀ ಲೆಕ್ಕವೇ ತಪ್ಪಾಗುತ್ತದೆ. ಇನ್ನೊಂದು ಮಾತು: ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಇರುವುದು ಮುದ್ರಾಂಕ ಶುಲ್ಕಕ್ಕೆ. ಅದನ್ನೇ ನ್ಯಾಯಯುತ ಮೌಲ್ಯ ಎಂದು ಪುಸ್ತಕಕ್ಕೆ ತರಲಾಗದು. ಭೂಮಿ ಮತ್ತು ಕಟ್ಟಡ ವಿಭಾಗದಲ್ಲಿ ನೋಂದಾಯಿತರಾದ ವ್ಯಾಲ್ಯೂಯರ್ ವರದಿಯನ್ನೇ ತೆಗೆದುಕೊಂಡೆ. ಮೌಲ್ಯಮಾಪನ ನೋಂದಾಯಿತ ವ್ಯಾಲ್ಯೂಯರ್ ಮಾಡಿದ್ದೇ ಎಂಬುದನ್ನು ಷೆಡ್ಯೂಲ್ 3ರ ಪ್ರಕಾರ ಟಿಪ್ಪಣಿಯಲ್ಲಿ ಹೇಳಲೇಬೇಕು.

ಜಾಗ ಮತ್ತು ಕಟ್ಟಡಕ್ಕೆ ಬೇರೆ ಬೇರೆ ಬೆಲೆ ಕೇಳಿ ಪಡೆಯಿರಿ. ಒಟ್ಟು ಸೇರಿಸಿ ಒಂದೇ ಅಂಕಿ ಕೊಟ್ಟ ವರದಿ ನಮಗೆ ಉಪಯೋಗವಿಲ್ಲ, ಏಕೆಂದರೆ ಜಾಗಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ.

ಮಿಲ್ಲಿನ ಜಾಗ 40 ಗುಂಟೆ, ಪುಸ್ತಕ ಬೆಲೆ 20 ಲಕ್ಷ. ವ್ಯಾಲ್ಯೂಯರ್ ಗುಂಟೆಗೆ 3 ಲಕ್ಷದಂತೆ 120 ಲಕ್ಷ ಹಾಕಿದರು. ಏರಿಕೆ 100 ಲಕ್ಷ.

ಕಟ್ಟಡದ ಮೂಲ ವೆಚ್ಚ 60 ಲಕ್ಷ, ಬಾಳಿಕೆ 30 ವರ್ಷ, ಕಳೆದದ್ದು 10 ವರ್ಷ. ವರ್ಷಕ್ಕೆ 2 ಲಕ್ಷದಂತೆ 20 ಲಕ್ಷ ಸವಕಳಿ ಹೋಗಿ 40 ಲಕ್ಷ ಉಳಿದಿತ್ತು. ವ್ಯಾಲ್ಯೂಯರ್ ಈಗಿನ ನಿರ್ಮಾಣ ವೆಚ್ಚದಿಂದ ಲೆಕ್ಕ ಹಾಕಿದರು: 6,000 ಚದರಡಿಗೆ 1,500 ರೂಪಾಯಿಯಂತೆ 90 ಲಕ್ಷ, ಉಳಿದ ಬಾಳಿಕೆ 20 ವರ್ಷವಾದ್ದರಿಂದ ಅದರ ಮೂರನೇ ಎರಡು ಭಾಗ, ಅಂದರೆ 60 ಲಕ್ಷ. ಏರಿಕೆ 20 ಲಕ್ಷ. ಆ ವರ್ಷದ ಸವಕಳಿಯನ್ನು ಮಾರ್ಚ್ 31ರವರೆಗೆ ಹಾಕಿ ಮುಗಿಸಿದ ಮೇಲೆಯೇ ಈ ಹೋಲಿಕೆ ಮಾಡಬೇಕು, ಇಲ್ಲದಿದ್ದರೆ ಏರಿಕೆ ತಪ್ಪಾಗಿ ಕಾಣುತ್ತದೆ.

ಪುಸ್ತಕಕ್ಕೆ ತರುವಾಗ ಕಟ್ಟಡಕ್ಕೆ ಎರಡು ದಾರಿ ಇವೆ. ಮೂಲ ವೆಚ್ಚವನ್ನು 90ಕ್ಕೆ, ಸಂಚಿತ ಸವಕಳಿಯನ್ನು 30ಕ್ಕೆ ಏರಿಸಬಹುದು. ಇಲ್ಲವೇ ಹಳೆಯ 20 ಲಕ್ಷದ ಸವಕಳಿಯನ್ನು ಮೂಲ ವೆಚ್ಚದಲ್ಲೇ ವಜಾ ಮಾಡಿ, ಉಳಿದ 40ಕ್ಕೆ 20 ಸೇರಿಸಿ 60 ಮಾಡಬಹುದು. ನಾನು ಎರಡನೆಯದನ್ನೇ ಬಳಸುತ್ತೇನೆ. ಅಂದಿನಿಂದ ಹೊಸ ಸವಕಳಿ ಶುರುವಾಗುವುದು ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಿವ್ವಳ ಎರಡರಲ್ಲೂ ಒಂದೇ.

ಈಗ ಮುಖ್ಯ ವಿಷಯ. ಜಾಗದ 100, ಕಟ್ಟಡದ 20, ಒಟ್ಟು 120 ಲಕ್ಷ ಲಾಭವಲ್ಲ. ಅದು ಪಿ ಅಂಡ್ ಎಲ್ ಮುಟ್ಟದೆ ನೇರವಾಗಿ ಬ್ಯಾಲೆನ್ಸ್ ಶೀಟಿನ ಷೇರುದಾರರ ನಿಧಿಯೊಳಗೆ, ರಿಸರ್ವ್ಸ್ ಅಂಡ್ ಸರ್ಪ್ಲಸ್ ಅಡಿ, ರೀವ್ಯಾಲ್ಯುಯೇಷನ್ ರಿಸರ್ವ್ ಎಂಬ ಪ್ರತ್ಯೇಕ ಸಾಲಿಗೆ ಹೋಗಬೇಕು. ಜನರಲ್ ರಿಸರ್ವ್‌ಗೆ ಸೇರಿಸಿಬಿಡುವುದು ತಪ್ಪು. ಟ್ಯಾಲಿಯಲ್ಲಿ ಈ ಲೆಡ್ಜರ್ ತೆರೆಯುವಾಗ `Reserves & Surplus` ಗುಂಪನ್ನೇ ಆರಿಸಿ. ಕ್ರೆಡಿಟ್ ಬಾಕಿ ಅಲ್ಲವೇ ಎಂದು `Indirect Incomes` ಗುಂಪಿಗೆ ಹಾಕಿದರೆ ಆ ವರ್ಷದ ಲಾಭ 120 ಲಕ್ಷ ಉಬ್ಬುತ್ತದೆ. ವಹಿವಾಟು ಬದಲಾಗದೆ ಲಾಭ ಮಾತ್ರ ಒಮ್ಮೆಲೇ ಜಿಗಿದಿದ್ದರೆ ಮೊದಲು ಹುಡುಕಬೇಕಾದ್ದು ಇದನ್ನೇ.

ಇನ್ನೂ ಒಂದು ಗಂಟು ಇತ್ತು. ಅದೇ ಕಂಪನಿಗೆ ಮೈಸೂರಿನ ಹೊರವಲಯದಲ್ಲಿ 25 ಲಕ್ಷಕ್ಕೆ ಕೊಂಡ ಒಂದು ನಿವೇಶನ. ಅದಕ್ಕೆ ಸರಿಯಾದ ದಾರಿ ಇಲ್ಲದ್ದರಿಂದ ವರದಿಯಲ್ಲಿ ಬಂದದ್ದು 22 ಲಕ್ಷ. ಅದನ್ನು ಬಿಟ್ಟುಬಿಡೋಣ ಎಂಬ ಮಾತು ಬಂತು. ಆಗುವುದಿಲ್ಲ. ಒಂದು ಜಾಗ ಏರಿಸಿದರೆ ಆ ವರ್ಗದ ಎಲ್ಲ ಜಾಗಗಳನ್ನೂ ಮರುಮೌಲ್ಯಮಾಪನಕ್ಕೆ ತರಬೇಕು, ಏರಿದ್ದನ್ನಷ್ಟೇ ಆರಿಸುವಂತಿಲ್ಲ. ಹಾಗಾದರೆ 100ರಲ್ಲಿ 3 ಕಳೆದು 97 ಲಕ್ಷ ರಿಸರ್ವ್‌ಗೆ ಹಾಕೋಣ ಎಂದರೆ ಅದೂ ಸಲ್ಲದು. ಲೆಕ್ಕ ನಡೆಯುವುದು ಆಸ್ತಿ ಆಸ್ತಿಗೆ ಬೇರೆ ಬೇರೆಯಾಗಿ. ಈ ನಿವೇಶನಕ್ಕೆ ಹಿಂದೆ ರಿಸರ್ವ್ ಇರಲಿಲ್ಲ, ಆದ್ದರಿಂದ ಅದರ 3 ಲಕ್ಷ ಇಳಿಕೆ ಪಿ ಅಂಡ್ ಎಲ್‌ಗೆ ಖರ್ಚಾಗಿ ಹೋಯಿತು. ರಿಸರ್ವ್ 120 ಲಕ್ಷವಾಗಿಯೇ ಉಳಿಯಿತು. ಮುಂದೆ ಮಿಲ್ಲಿನ ಜಾಗವೇ 110ಕ್ಕೆ ಇಳಿದರೆ ಆ 10 ಲಕ್ಷ ಅದರದೇ ರಿಸರ್ವ್‌ನಲ್ಲಿ ಕಡಿಮೆಯಾಗುತ್ತದೆ, ಪಿ ಅಂಡ್ ಎಲ್‌ಗೆ ಬರುವುದಿಲ್ಲ. ಇದಕ್ಕಾಗಿಯೇ ರಿಸರ್ವ್‌ನ ಒಳಗೆ ಪ್ರತಿ ಆಸ್ತಿಗೂ ಒಂದು ಶೀಟ್ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆ ಐದು ವರ್ಷದ ನಂತರ ಯಾವುದರ ಪಾಲು ಎಷ್ಟು ಎಂದು ಹೇಳುವುದು ಅಸಾಧ್ಯ.

ಮರುವರ್ಷದಿಂದ ಕಟ್ಟಡದ ಸವಕಳಿ 60 ಲಕ್ಷಕ್ಕೆ 20 ವರ್ಷದಂತೆ 3 ಲಕ್ಷ. ಪೂರ್ತಿ 3 ಲಕ್ಷವೂ ಪಿ ಅಂಡ್ ಎಲ್‌ಗೆ ಖರ್ಚು. ಹಳೆಯ ಲೆಕ್ಕಕ್ಕಿಂತ ಹೆಚ್ಚಾದ 1 ಲಕ್ಷವನ್ನು ರಿಸರ್ವ್‌ನಿಂದ ತೆಗೆದು ಪಿ ಅಂಡ್ ಎಲ್‌ನಲ್ಲೇ ಸರಿತೂಗಿಸುವ ಹಳೆಯ ರೂಢಿಯನ್ನು ಕೆಲವು ಕಡೆ ಇನ್ನೂ ಕಾಣುತ್ತೇನೆ. ಈಗ ಅದಕ್ಕೆ ಅವಕಾಶವಿಲ್ಲ. ಆ 1 ಲಕ್ಷವನ್ನು ಬೇಕಿದ್ದರೆ ರೀವ್ಯಾಲ್ಯುಯೇಷನ್ ರಿಸರ್ವ್‌ನಿಂದ ನೇರ ರೆವೆನ್ಯೂ ರಿಸರ್ವ್‌ಗೆ ವರ್ಗಾಯಿಸಬಹುದು, ಅದೂ ಬ್ಯಾಲೆನ್ಸ್ ಶೀಟಿನ ಒಳಗೇ. ಆದಾಯ ತೆರಿಗೆಯ ಸವಕಳಿಗೆ ಈ ಏರಿಕೆಯ ಸಂಬಂಧವೇ ಇಲ್ಲ, ಅದು ತನ್ನ ಹಳೆಯ ಬ್ಲಾಕ್ ಮೇಲೆ ನಡೆಯುತ್ತದೆ.

ಇಂಡ್ ಎಎಸ್ ಪಾಲಿಸುವ ದೊಡ್ಡ ಕಂಪನಿಯಾದರೆ ಇದೇ ಏರಿಕೆ ಮೊದಲು ಇತರ ಸಮಗ್ರ ಆದಾಯದಲ್ಲಿ, ಮುಂದೆ ಪಿ ಅಂಡ್ ಎಲ್‌ಗೆ ಮರಳದ ಬಾಬ್ತುಗಳ ಕೆಳಗೆ ಕಾಣಿಸಬೇಕು. ಅದರ ಮೇಲಿನ ಮುಂದೂಡಿದ ತೆರಿಗೆಯನ್ನೂ ಅಲ್ಲೇ ಕಳೆದು, ಉಳಿದದ್ದು ಅದರ್ ಇಕ್ವಿಟಿಯಲ್ಲಿ ರೀವ್ಯಾಲ್ಯುಯೇಷನ್ ಸರ್ಪ್ಲಸ್ ಕಾಲಮ್ಮಿಗೆ ಸೇರುತ್ತದೆ. ನಮ್ಮ ಮಿಲ್ಲಿಗೆ ಇದು ಬೇಕಾಗಲಿಲ್ಲ.

ಮಾಲೀಕರಿಗೆ ಕೆಲಸ ಶುರು ಮಾಡುವ ಮೊದಲೇ ಹೇಳಬೇಕಾದ ಸಂಗತಿ ಒಂದಿದೆ. ಕಂಪನಿ ಕಾಯ್ದೆ 2013ರ ಪ್ರಕಾರ ನೆಟ್‌ವರ್ತ್ ಲೆಕ್ಕದಲ್ಲಿ ಈ ರಿಸರ್ವ್ ಸೇರುವುದಿಲ್ಲ. ಇದರಿಂದ ಬೋನಸ್ ಷೇರು ಕೊಡುವಂತಿಲ್ಲ, ಡಿವಿಡೆಂಡ್‌ಗೆ ಲಾಭ ಲೆಕ್ಕ ಹಾಕುವಾಗ ಇದನ್ನು ಹೊರಗಿಡಬೇಕು. ಬ್ಯಾಂಕಿನವರೂ ಸಾಮಾನ್ಯವಾಗಿ ಟ್ಯಾಂಜಿಬಲ್ ನೆಟ್‌ವರ್ತ್ ನೋಡುವಾಗ ಇದನ್ನು ಕಳೆದೇ ನೋಡುತ್ತಾರೆ. ಅಡಮಾನದ ಬೆಲೆಗೆ ಅವರದೇ ವ್ಯಾಲ್ಯೂಯರ್ ಇರುತ್ತಾರೆ. ಸಾಲದ ಮಿತಿ ಏರಲಿ ಎಂಬ ಒಂದೇ ಉದ್ದೇಶಕ್ಕಾದರೆ ಈ ಖರ್ಚು ಬೇಡ ಎಂದೇ ನಾನು ಹೇಳುವುದು. ಏಕೆಂದರೆ ಒಮ್ಮೆ ಈ ಪದ್ಧತಿಗೆ ಬಂದರೆ ಬೆಲೆಯನ್ನು ಆಗಾಗ ನವೀಕರಿಸುತ್ತಲೇ ಇರಬೇಕು. ಬೆಲೆ ಹೆಚ್ಚು ಏರಿಳಿಯದ ಆಸ್ತಿಗೂ ಮೂರರಿಂದ ಐದು ವರ್ಷಕ್ಕೊಮ್ಮೆ ವರದಿ ಬೇಕು.

ಮಾರುವಾಗಲೂ ಇದರ ಪರಿಣಾಮ ಇದೆ. ಮಿಲ್ಲಿನ ಜಾಗವನ್ನು ನಾಳೆ 130 ಲಕ್ಷಕ್ಕೆ ಮಾರಿದರೆ ಪಿ ಅಂಡ್ ಎಲ್‌ನಲ್ಲಿ ಕಾಣುವ ಲಾಭ ಕೇವಲ 10 ಲಕ್ಷ. ಜಾಗದ ಪಾಲಿನ 100 ಲಕ್ಷ ರಿಸರ್ವ್‌ನಿಂದ ರೆವೆನ್ಯೂ ರಿಸರ್ವ್‌ಗೆ ನೇರವಾಗಿ ಹೋಗುತ್ತದೆ. ಆದರೆ ತೆರಿಗೆಗೆ ಹಳೆಯ 20 ಲಕ್ಷವೇ ಕೊಂಡ ಬೆಲೆ, ಹಾಗಾಗಿ ಅಲ್ಲಿ ಲೆಕ್ಕಕ್ಕೆ ಬರುವ ಲಾಭ 110 ಲಕ್ಷ. ಪುಸ್ತಕದ 10 ಲಕ್ಷ ನೋಡಿ ಮುಂಗಡ ತೆರಿಗೆ ಕಟ್ಟಿದರೆ ಕೊರತೆ ಬೀಳುತ್ತದೆ, ಅದಕ್ಕೆ ಬಡ್ಡಿಯೂ ಸೇರುತ್ತದೆ.