ಹೊಸ ವ್ಯಾಪಾರಿಯಿಂದ ಕೊಟೇಶನ್ ತರಿಸುವಾಗ

ಬ್ಯಾಡಗಿಯಲ್ಲಿ ಖಾರದ ಪುಡಿ ತಯಾರಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳಿ. ಅರ್ಧ ಕಿಲೋದ 20 ಪ್ಯಾಕೆಟ್ ಹಿಡಿಯುವ ರಟ್ಟಿನ ಪೆಟ್ಟಿಗೆಗಳು ಬೇಕಾಗಿವೆ. ಹುಬ್ಬಳ್ಳಿಯ ಹೊಸ ತಯಾರಕರೊಬ್ಬರ ನಂಬರ್ ಸಿಕ್ಕಿದೆ. ‘ಹತ್ತು ಕಿಲೋ ಬಾಕ್ಸ್‌ಗೆ ಎಷ್ಟು?’ ಎಂದು ಫೋನಿನಲ್ಲಿ ಕೇಳಿದರೆ ಆ ಕಡೆಯಿಂದ ಒಂದು ಅಂಕಿ ಬರುತ್ತದೆ. ಆದರೆ ಅದು ಯಾವ ಪೆಟ್ಟಿಗೆಯ ಬೆಲೆ ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಬೇಡಿಕೆಯನ್ನು ಬರೆದೇ ಕಳುಹಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ.

ಮೊದಲು ಅವರ ಜಿಎಸ್‌ಟಿ ಸಂಖ್ಯೆ ಪಡೆದು gst.gov.in ಜಾಲತಾಣದಲ್ಲಿ ಹುಡುಕಿ. ನೋಂದಣಿ ಚಾಲ್ತಿಯಲ್ಲಿದೆಯೇ, ಅಲ್ಲಿರುವ ಹೆಸರು ಅವರು ಹೇಳಿದ ಹೆಸರಿಗೆ ಹೊಂದುತ್ತದೆಯೇ ಎಂಬುದು ನಿಮಿಷದಲ್ಲಿ ತಿಳಿಯುತ್ತದೆ.

ಪತ್ರದಲ್ಲಿ ಹೆಚ್ಚು ಶ್ರಮ ಬೇಡುವುದು ವಸ್ತುವಿನ ವಿವರ. ‘ಗಟ್ಟಿ ಪೆಟ್ಟಿಗೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಉದ್ದ, ಅಗಲ, ಎತ್ತರಗಳನ್ನು ಮಿಲಿಮೀಟರಿನಲ್ಲಿ ಕೊಟ್ಟು, ಇವು ಒಳ ಅಳತೆ ಎಂದು ಸ್ಪಷ್ಟವಾಗಿ ಬರೆಯಿರಿ. ಐದು ಪದರದ ರಟ್ಟು ಐದಾರು ಮಿಲಿಮೀಟರ್ ದಪ್ಪವಿರುತ್ತದೆ. ಹೊರ ಅಳತೆ ಎಂದು ಭಾವಿಸಿ ಮಾಡಿದರೆ ಒಳಗೆ ಪ್ರತಿ ದಿಕ್ಕಿನಲ್ಲೂ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಕಡಿಮೆಯಾಗಿ, ಕೊನೆಯ ಸಾಲಿನ ಪ್ಯಾಕೆಟ್‌ಗಳು ಕೂರುವುದಿಲ್ಲ. ಪದರಗಳ ಸಂಖ್ಯೆಯ ಜೊತೆಗೆ ಕಾಗದದ ತೂಕವನ್ನೂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳುವ ಜಿಎಸ್‌ಎಂ ಅನ್ನೂ, ನಮೂದಿಸಿ. ಬೆಲೆ ಇಳಿಸಬೇಕೆಂದಾಗ ಮೊದಲು ತೆಳ್ಳಗಾಗುವುದು ಕಾಗದವೇ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ.

ಪ್ರಮಾಣದ ವಿಷಯದಲ್ಲಿ ಒಂದೇ ಸಂಖ್ಯೆಗೆ ನಿಲ್ಲಬೇಡಿ. ನಿಮಗೆ 2,000 ಬೇಕಿದ್ದರೂ 1,000 ಮತ್ತು 5,000ಕ್ಕೂ ದರ ಕೇಳಿ. ಎಷ್ಟರ ಮೇಲೆ ಬೆಲೆ ಇಳಿಯುತ್ತದೆ ಎಂಬುದು ತಿಳಿಯುತ್ತದೆ. ಪತ್ರ ಹೀಗಿರಬಹುದು:

‘ಮಾನ್ಯರೇ, ಕೆಳಗಿನ ವಿವರದ ರಟ್ಟಿನ ಪೆಟ್ಟಿಗೆಗಳಿಗೆ ಲಿಖಿತ ಕೊಟೇಶನ್ ಕಳುಹಿಸಲು ಕೋರುತ್ತೇವೆ. ಒಳ ಅಳತೆ 400 × 300 × 200 ಮಿ.ಮೀ.; 5 ಪದರ; ಪ್ರತಿ ಪದರದ ಕಾಗದ 150 ಜಿಎಸ್‌ಎಂ; ಎರಡು ಬದಿಯಲ್ಲಿ ಒಂದು ಬಣ್ಣದ ಮುದ್ರಣ. 1,000, 2,000 ಮತ್ತು 5,000ಕ್ಕೆ ಪ್ರತ್ಯೇಕ ದರ ನೀಡಿ. ದರವು ಬ್ಯಾಡಗಿಯ ನಮ್ಮ ಗೋದಾಮಿಗೆ ತಲುಪಿಸುವ ಸಾಗಣೆ ಮತ್ತು ಇಳಿಸುವ ಹಮಾಲಿಯನ್ನು ಒಳಗೊಂಡಿರಲಿ. ಜಿಎಸ್‌ಟಿ ಹಾಗೂ ಮುದ್ರಣ ಬ್ಲಾಕಿನ ವೆಚ್ಚವನ್ನು ಬೇರೆಯಾಗಿ ತೋರಿಸಿ. ಮುದ್ರಣದ ನಮೂನೆಗೆ ನಾವು ಒಪ್ಪಿಗೆ ನೀಡಿದ ದಿನದಿಂದ ಎಷ್ಟು ದಿನಗಳಲ್ಲಿ ಸರಬರಾಜು ಆಗುತ್ತದೆ ಮತ್ತು ಪಾವತಿಯ ಷರತ್ತುಗಳೇನು ಎಂದು ತಿಳಿಸಿ. ಕೊಟೇಶನ್ 30 ದಿನ ಊರ್ಜಿತವಾಗಿರಲಿ. ಆ ಅವಧಿಯಲ್ಲಿ ನೀಡಿದ ಆದೇಶಕ್ಕೆ ಸರಬರಾಜು ಮುಗಿಯುವವರೆಗೂ ಅದೇ ದರ ಅನ್ವಯಿಸಬೇಕು. ಒಂದು ಮಾದರಿ ಪೆಟ್ಟಿಗೆಯನ್ನೂ ಕಳುಹಿಸಿ.’

ದಿನ ಎಲ್ಲಿಂದ ಎಣಿಸಬೇಕು ಎಂಬ ಮಾತು ಸಣ್ಣದಾಗಿ ಕಾಣುತ್ತದೆ. ತಕರಾರು ಹುಟ್ಟುವುದು ಅಲ್ಲಿಯೇ. ‘10 ದಿನ’ ಎಂದಷ್ಟೇ ಬರೆದಿದ್ದರೆ ನೀವು ಆದೇಶದ ದಿನದಿಂದ ಎಣಿಸುತ್ತೀರಿ, ಅವರು ಮುಂಗಡ ಬಂದ ದಿನದಿಂದ ಎಣಿಸುತ್ತಾರೆ.

ಊರ್ಜಿತದ ಅವಧಿಯನ್ನು ತಯಾರಕರು 30ರ ಬದಲು 7 ಅಥವಾ 15 ದಿನಕ್ಕೆ ಇಳಿಸಿದರೆ ಅನುಮಾನ ಪಡಬೇಕಿಲ್ಲ. ಕ್ರಾಫ್ಟ್ ಕಾಗದದ ದರ ಆಗಾಗ ಏರಿಳಿಯುತ್ತದೆ, ಅದನ್ನು ಅವರೂ ಕೊಂಡೇ ತರಬೇಕು. ಆಗ ಅವಧಿಗಾಗಿ ಚೌಕಾಸಿ ಮಾಡುವ ಬದಲು ನಿಮ್ಮ ತೀರ್ಮಾನವನ್ನೇ ಬೇಗ ಮಾಡಿ. ‘ಸರಬರಾಜಿನ ದಿನದ ದರ’ ಎಂಬ ಸಾಲು ಇದ್ದರೆ ಮಾತ್ರ ಒಪ್ಪಬೇಡಿ. ಅಂಥ ಕೊಟೇಶನ್‌ನಲ್ಲಿ ದರವೇ ಇಲ್ಲದಂತಾಯಿತು.

ಎರಡು ಕೊಟೇಶನ್ ಬಂದವು ಎನ್ನೋಣ. ಒಂದರಲ್ಲಿ ಪೆಟ್ಟಿಗೆಗೆ 31 ರೂಪಾಯಿ. ಸಾಗಣೆ 3,500, ಹಮಾಲಿ 500, ಬ್ಲಾಕ್ 3,000 ಬೇರೆ. ಇನ್ನೊಂದರಲ್ಲಿ ಎಲ್ಲ ಸೇರಿ 33. ಎರಡಕ್ಕೂ ಜಿಎಸ್‌ಟಿ ಪ್ರತ್ಯೇಕ. 2,000 ಪೆಟ್ಟಿಗೆಗೆ ಮೊದಲನೆಯದು 69,000, ಎರಡನೆಯದು 66,000. ಅಗ್ಗವೆಂದು ಕಂಡದ್ದು ಪೆಟ್ಟಿಗೆಗೆ ಒಂದೂವರೆ ರೂಪಾಯಿ ದುಬಾರಿ. ಬ್ಲಾಕಿನ ಖರ್ಚು ಮಾತ್ರ ಮೊದಲ ಸಲದ್ದು. ಮುಂದಿನ ಆದೇಶದಲ್ಲಿ ಅಂತರ ತೀರಿಹೋಗಿ ಎರಡೂ ಸಮವಾಗುತ್ತವೆ.

ಮಾದರಿ ಬಂದಾಗ ಅದರಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಕತ್ತರಿಸಿ ನೀರಿನಲ್ಲಿ ನೆನೆಸಿ. ಪದರಗಳು ಬಿಡಿಸಿಕೊಳ್ಳುತ್ತವೆ. ಸಪಾಟಾದ ಒಂದು ಪದರವನ್ನು ಚೆನ್ನಾಗಿ ಒಣಗಿಸಿ, ಅಕ್ಕಸಾಲಿಗರ ಬಳಿ ಇರುವಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ. ಬಂದ ಗ್ರಾಮನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ. 1.5 ಗ್ರಾಂ ಬಂದರೆ 150, 1.2 ಬಂದರೆ 120 ಜಿಎಸ್‌ಎಂ ಕಾಗದ ಹಾಕಿದ್ದಾರೆ. ಸುಕ್ಕುಗಟ್ಟಿದ ಪದರವನ್ನು ಹರವಿದರೆ ಉದ್ದವಾಗುತ್ತದೆ, ಅದನ್ನು ಮತ್ತೆ 10 ಸೆಂ.ಮೀ.ಗೆ ಕತ್ತರಿಸಿ ತೂಗಬೇಕು.

ತೂಕ ಸರಿಬಂದರೆ, ಕೊಟೇಶನ್‌ನ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖಿಸಿ, ‘ಒಪ್ಪಿದ ಮಾದರಿಯಂತೆ’ ಎಂದು ಸೇರಿಸಿ, ಊರ್ಜಿತದ ಅವಧಿ ಮುಗಿಯುವ ಮುನ್ನವೇ ಖರೀದಿ ಆದೇಶ ಕಳುಹಿಸಿ.